ಮಗುವಿನ ರಾಗಿ ಸರಿ: ನೀರಲ್ಲಿ ಮಾಡಿದರೆ ಎಷ್ಟು ಕ್ಯಾಲೊರಿ, ಹಾಲಲ್ಲಿ ಮಾಡಿದರೆ ಎಷ್ಟು ಪ್ರೋಟೀನ್?

ಆರು ತಿಂಗಳು ತುಂಬಿದ ಮಗುವಿಗೆ ಮೈಸೂರು, ಮಂಡ್ಯದ ಮನೆಗಳಲ್ಲಿ ಮೊದಲು ಕೊಡುವುದು ರಾಗಿ ಸರಿ. ದಿನಕ್ಕೆರಡು ಬಾರಿ ಬಟ್ಟಲು ತುಂಬ ತಿನ್ನಿಸಿದರೂ ಎರಡು ತಿಂಗಳಾದ ಮೇಲೆ ತೂಕ ನಿಂತಲ್ಲೇ ನಿಂತಿರುತ್ತದೆ. ತಪ್ಪು ರಾಗಿಯದಲ್ಲ. ಬಟ್ಟಲಿನಲ್ಲಿ ಇರುವುದರಲ್ಲಿ ಹೆಚ್ಚಿನ ಪಾಲು ನೀರು. ಈ ಮಾರ್ಗದರ್ಶಿಯಲ್ಲಿ ಏಳು ತಿಂಗಳ, ಏಳು ಕಿಲೋ ತೂಕದ, ಎದೆಹಾಲು ಕುಡಿಯುತ್ತಿರುವ ಒಂದು ಮಗುವನ್ನು ಲೆಕ್ಕಕ್ಕೆ ಇಟ್ಟುಕೊಂಡು, ಒಂದು ಬಟ್ಟಲು ಸರಿಯಲ್ಲಿ ಏನಿದೆ ಎಂದು ಅಳೆದು, ಅದನ್ನು ಹೇಗೆ ಸರಿಪಡಿಸಬೇಕು ಎಂದು ಹಂತ ಹಂತವಾಗಿ ಹೇಳಿದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ತೂಕ ತೀರಾ ಕಡಿಮೆ ಇರುವ ಮಗು, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವ ಮಗುವಿಗೆ ಈ ಲೆಕ್ಕ ಹೊಂದುವುದಿಲ್ಲ. ಆ ಮಕ್ಕಳ ಆಹಾರವನ್ನು ಮಕ್ಕಳ ವೈದ್ಯರೇ ಹೇಳಬೇಕು.

## 1. ಮೊದಲು ಗುರಿ ತಿಳಿದುಕೊಳ್ಳಿ

ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಜೊತೆಗೆ ಮೇಲಾಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಸಿಗಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಅದು 300 ಆಗುತ್ತದೆ. ಪ್ರೋಟೀನ್ ದಿನಕ್ಕೆ ಒಟ್ಟು ಸುಮಾರು 10 ಗ್ರಾಂ ಬೇಕು. ಮಗು 600 ಮಿಲಿ ಎದೆಹಾಲು ಕುಡಿಯುತ್ತಿದ್ದರೆ ಅದರಲ್ಲಿ 6 ಗ್ರಾಂ ಮೇಲೆ ಸ್ವಲ್ಪ ಬಂದೇ ಬಿಡುತ್ತದೆ. ಉಳಿದ 4 ಗ್ರಾಂ ಊಟದಿಂದ ಬರಬೇಕು.

ಇಲ್ಲಿ ಒಂದು ಅಡಚಣೆ ಇದೆ. ಮಗುವಿನ ಹೊಟ್ಟೆ ಚಿಕ್ಕದು. ಒಂದು ಕಿಲೋ ತೂಕಕ್ಕೆ ಸುಮಾರು 30 ಗ್ರಾಂ ಎಂದು ಹಿಡಿದರೆ ಏಳು ಕಿಲೋ ಮಗು ಒಂದು ಸಲಕ್ಕೆ 200 ಗ್ರಾಂಗಿಂತ ಹೆಚ್ಚು ತಿನ್ನಲಾರದು, ನಿಜವಾಗಿ ತಿನ್ನುವುದು ಅದಕ್ಕಿಂತಲೂ ಕಡಿಮೆ. ಅದಕ್ಕೇ ಒಟ್ಟು ಎಷ್ಟು ತಿಂದಿತು ಎನ್ನುವುದಕ್ಕಿಂತ ಒಂದು ಗ್ರಾಂ ಸರಿಯಲ್ಲಿ ಎಷ್ಟು ಕ್ಯಾಲೊರಿ ಇದೆ ಎನ್ನುವುದು ಮುಖ್ಯ. ಅದು 0.8ಕ್ಕಿಂತ ಕಡಿಮೆ ಇರಬಾರದು, ಅಂದರೆ 100 ಗ್ರಾಂ ಸರಿಯಲ್ಲಿ 80 ಕ್ಯಾಲೊರಿ. ಮುಂದಿನ ಹಂತಗಳೆಲ್ಲ ಈ ಒಂದು ಅಂಕಿಯನ್ನು ಮುಟ್ಟುವುದಕ್ಕಾಗಿ.

## 2. ಬೇಕಾಗುವ ಸಾಮಾನು

ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ನಿಮ್ಮ ಮನೆಯ ಒಂದೇ ಚಮಚವನ್ನು ಅಳತೆಗೆ ಮೀಸಲಿಡಿ. ಮಟ್ಟಸವಾಗಿ ತುಂಬಿದ ಹತ್ತು ಚಮಚ ರಾಗಿ ಹಿಟ್ಟನ್ನು ಒಂದು ಪೊಟ್ಟಣಕ್ಕೆ ಹಾಕಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಹತ್ತರಿಂದ ಭಾಗಿಸಿ. ನಿಮ್ಮ ಚಮಚ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಒಂದು ಸಲ ಗೊತ್ತಾದರೆ ಸಾಕು. "ಎರಡು ಚಮಚ ಹಾಕ್ತೀನಿ" ಎನ್ನುವ ಲೆಕ್ಕ ತಪ್ಪುವುದೇ ಇಲ್ಲಿ. ಗೋಪುರದಂತೆ ತುಂಬಿದ ಚಮಚದಲ್ಲಿ ಮಟ್ಟಸ ಚಮಚದ ಎರಡು ಪಟ್ಟು ಹಿಟ್ಟು ಕೂತಿರಬಹುದು.

ಇದಲ್ಲದೆ ದಪ್ಪ ತಳದ ಸಣ್ಣ ಪಾತ್ರೆ, ಮಿಲಿಲೀಟರ್ ಗೆರೆ ಇರುವ ಲೋಟ, ಗಂಟು ಒಡೆಯಲು ಒಂದು ಸಣ್ಣ ಕಡೆಗೋಲು, ಮಗುವಿಗೆ ಅಂಚು ಮೊಂಡಾದ ಚಮಚ. ಖಾಲಿ ಪಾತ್ರೆಯ ತೂಕವನ್ನು ಒಂದು ಸಲ ತೂಗಿ ಬರೆದಿಡಿ. ಸರಿ ಆದ ಮೇಲೆ ಪಾತ್ರೆ ಸಮೇತ ತೂಗಿ ಆ ತೂಕ ಕಳೆದರೆ ಸರಿಯ ತೂಕ ಸಿಕ್ಕಿತು.

## 3. ಹಿಟ್ಟು: ಎಲ್ಲಿ ಸೋರಿಹೋಗುತ್ತದೆ

100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 7 ಗ್ರಾಂ ಚಿಲ್ಲರೆ ಪ್ರೋಟೀನ್ ಇದೆ. ನೆನಪಿಗೆ ಸುಲಭವಾಗುವಂತೆ ಹೇಳುವುದಾದರೆ ಒಂದು ಗ್ರಾಂ ಹಿಟ್ಟಿಗೆ 3.2 ಕ್ಯಾಲೊರಿ. ಒಣ ಹಿಟ್ಟಿನ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕು, ಬೆಂದ ಸರಿಯ ತೂಕವನ್ನಲ್ಲ.

ವಸ್ತ್ರಗಾಳಿ ಹಿಡಿದ ಹಿಟ್ಟು ಮಗುವಿನ ಗಂಟಲಿಗೆ ನಯ, ನಿಜ. ಆದರೆ ಬಟ್ಟೆಯ ಮೇಲೆ ಉಳಿಯುವ ಹೊಟ್ಟಿನಲ್ಲಿ ರಾಗಿಯ ಕ್ಯಾಲ್ಸಿಯಂನ ದೊಡ್ಡ ಪಾಲು ಇರುತ್ತದೆ. ಸಣ್ಣ ಕಣ್ಣಿನ ಜರಡಿ ಸಾಕು. ಮೊದಲ ಒಂದೆರಡು ವಾರ ಮಾತ್ರ ಬಟ್ಟೆಯಲ್ಲಿ ಸೋಸಿ, ಆಮೇಲೆ ಜರಡಿಗೆ ಬನ್ನಿ. ಏನೇ ಮಾಡಿದರೂ ಸೋಸಿದ ಮೇಲೆ ತೂಗಿ. ರಾಗಿ ನೆನೆಸಿ, ರುಬ್ಬಿ, ಹಿಂಡಿ ಹಾಲು ತೆಗೆದು ಮಾಡುವ ಸರಿಯಲ್ಲಿ ಬರುವುದು ಬಹುಪಾಲು ಪಿಷ್ಟ. ಪ್ರೋಟೀನಿನ ಒಂದು ಪಾಲು ಹಿಂಡಿದ ಚರಟದಲ್ಲೇ ಉಳಿಯುತ್ತದೆ, ಆದ್ದರಿಂದ ಅದಕ್ಕೆ ಈ ಲೆಕ್ಕ ಹಾಕಬೇಡಿ.

ರಾಗಿ, ಬೇಳೆ, ಗೋಧಿ, ಬಾದಾಮಿ, ಗೋಡಂಬಿ, ಏಲಕ್ಕಿ ಎಲ್ಲ ಸೇರಿಸಿ ಹುರಿದು ಬೀಸಿದ ಸರಿ ಹಿಟ್ಟನ್ನು ಶುರುವಿನಲ್ಲೇ ಕೊಡಬೇಡಿ. ಮೈಮೇಲೆ ದದ್ದು ಎದ್ದರೆ ಯಾವುದರಿಂದ ಎಂದು ಹುಡುಕಲಾಗುವುದಿಲ್ಲ. ಗಿರಣಿಯಲ್ಲಿ ಹಿಂದಿನವರ ಗೋಧಿ, ಕಡಲೆ ಹಿಟ್ಟು ಯಂತ್ರದಲ್ಲಿ ಉಳಿದಿರುತ್ತದೆ, ನಿಮ್ಮ ರಾಗಿಯ ಮೊದಲ ಒಂದೆರಡು ಹಿಡಿ ಹಿಟ್ಟನ್ನು ದೊಡ್ಡವರ ಮುದ್ದೆಗೆ ಬಿಟ್ಟು, ಆಮೇಲೆ ಬಂದದ್ದನ್ನು ಮಗುವಿಗೆ ತೆಗೆದಿಡಿ.

## 4. ಸರಿ ಬೇಯಿಸುವ ಕ್ರಮ

15 ಗ್ರಾಂ ಹಿಟ್ಟನ್ನು ಮೊದಲು 50 ಮಿಲಿ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಬಿಸಿ ನೀರಿಗೋ ಬಿಸಿ ಹಾಲಿಗೋ ನೇರವಾಗಿ ಹಿಟ್ಟು ಹಾಕಿದರೆ ಹೊರಗೆ ಬೆಂದು ಒಳಗೆ ಹಸಿ ಹಿಟ್ಟು ಉಳಿಯುವ ಗಂಟುಗಳಾಗುತ್ತವೆ. ಇನ್ನೊಂದು ಪಾತ್ರೆಯಲ್ಲಿ 150 ಮಿಲಿ ನೀರು ಕಾಯಿಸಿ, ಕದಡಿದ ಹಿಟ್ಟನ್ನು ಕಡೆಯುತ್ತಾ ಸುರಿಯಿರಿ. ಸಣ್ಣ ಉರಿಯಲ್ಲಿ ಎಂಟರಿಂದ ಹತ್ತು ನಿಮಿಷ ಕೈ ಬಿಡದೆ ತಿರುವಿ. ಬಣ್ಣ ಗಾಢವಾಗಿ, ಮೇಲೆ ಹೊಳಪು ಬಂದು, ಹಸಿ ವಾಸನೆ ಹೋಗಬೇಕು. ಎರಡು ನಿಮಿಷಕ್ಕೇ ಗಟ್ಟಿಯಾಯಿತೆಂದು ಇಳಿಸಿದರೆ ಬೆಂದಿರುವುದಿಲ್ಲ, ಮಗುವಿಗೆ ಹೊಟ್ಟೆ ಉಬ್ಬರ ಬರುತ್ತದೆ.

ಕುದಿಯುವಾಗ ಹೋಗುವುದು ನೀರು ಮಾತ್ರ, ಕ್ಯಾಲೊರಿ ಪಾತ್ರೆಯಲ್ಲೇ ಉಳಿಯುತ್ತದೆ. 200 ಮಿಲಿ ನೀರಿನಲ್ಲಿ ಶುರುಮಾಡಿದ್ದು ಕೊನೆಗೆ 150 ಗ್ರಾಂ ಸರಿಯಾದರೆ ಆ 150 ಗ್ರಾಂನಲ್ಲೂ ಇರುವುದು 15 ಗ್ರಾಂ ರಾಗಿಯ 48 ಕ್ಯಾಲೊರಿಯೇ. ಹಾಗೆಯೇ, ತಣ್ಣಗಾದಾಗ ಸರಿ ಗಟ್ಟಿಯಾಯಿತೆಂದು 50 ಮಿಲಿ ಬಿಸಿನೀರು ಸೇರಿಸಿದರೆ ಬಟ್ಟಲು ಮಾತ್ರ ತುಂಬುತ್ತದೆ. ಒಲೆಯ ಮೇಲೆ ತೆಳ್ಳಗೆ ಕಾಣುವ ಸರಿ ಉಗುರುಬೆಚ್ಚಗಾಗುವಷ್ಟರಲ್ಲಿ ದಪ್ಪವಾಗುವುದು ಪಿಷ್ಟದ ಗುಣ. ಹದವನ್ನು ಮಗುವಿಗೆ ತಿನ್ನಿಸುವ ಬಿಸಿಯಲ್ಲೇ ನೋಡಿ: ಚಮಚ ಓರೆ ಮಾಡಿದರೆ ಸರಿ ಧಾರೆಯಾಗಿ ಸುರಿಯದೆ, ನಿಧಾನವಾಗಿ ಜಾರಿ ಬೀಳಬೇಕು.

ಹಾಲು ಹಾಕುವುದಿದ್ದರೆ ಸರಿ ನೀರಿನಲ್ಲಿ ಪೂರ್ತಿ ಬೆಂದ ಮೇಲೆ, ಬೇರೆಯಾಗಿ ಕಾಯಿಸಿದ ಹಾಲನ್ನು ಕೊನೆಯಲ್ಲಿ ಸೇರಿಸಿ ಒಂದು ಕುದಿ ಬರಿಸಿ. ಮೊದಲಿನಿಂದಲೇ ಹಾಲಿನಲ್ಲಿ ಬೇಯಿಸಿದರೆ ತಳ ಹಿಡಿಯುತ್ತದೆ, ತಳದಲ್ಲಿ ಉಳಿದದ್ದು ಮಗುವಿನ ಬಾಯಿಗೆ ಹೋಗುವುದಿಲ್ಲ. ಎದೆಹಾಲು ಸೇರಿಸುವುದಿದ್ದರೆ ಒಲೆಯಿಂದ ಇಳಿಸಿ, ಉಗುರುಬೆಚ್ಚಗಾದ ಮೇಲೆ, ತಿನ್ನಿಸುವ ಹೊತ್ತಿಗೆ ಮಾತ್ರ. ಅದನ್ನು ಕುದಿಸಬಾರದು.

## 5. ಒಂದೇ ರಾಗಿ, ನಾಲ್ಕು ಬಟ್ಟಲು

ಈಗ ಲೆಕ್ಕ. ನಾಲ್ಕು ಬಟ್ಟಲಿನಲ್ಲೂ 15 ಗ್ರಾಂ ಹಿಟ್ಟು, ಬೆಂದ ಮೇಲೆ 150 ಗ್ರಾಂ ಸರಿ. ಹಾಲು ಎಂದರೆ ಇಲ್ಲಿ 3 ಶೇಕಡಾ ಕೊಬ್ಬಿನ ಪ್ಯಾಕೆಟ್ ಟೋನ್ಡ್ ಹಾಲು, 100 ಮಿಲಿಗೆ ಸುಮಾರು 58 ಕ್ಯಾಲೊರಿ, 3 ಗ್ರಾಂ ಪ್ರೋಟೀನ್. ಹಾಲು ಹಾಕುವ ಬಟ್ಟಲಿನಲ್ಲಿ ಅಷ್ಟು ನೀರನ್ನು ಕಡಿಮೆ ಮಾಡಿದೆ.

| ಬಟ್ಟಲು | ಕ್ಯಾಲೊರಿ | ಪ್ರೋಟೀನ್ | 1 ಗ್ರಾಂ ಸರಿಗೆ |
|---|---|---|---|
| ಬರೀ ನೀರು | 48 | 1.1 ಗ್ರಾಂ | 0.32 |
| ನೀರು + 50 ಮಿಲಿ ಹಾಲು | 77 | 2.6 ಗ್ರಾಂ | 0.5 |
| ನೀರು + 100 ಮಿಲಿ ಹಾಲು | 106 | 4.1 ಗ್ರಾಂ | 0.7 |
| ನೀರು + 5 ಗ್ರಾಂ ಹೆಸರುಬೇಳೆ + 1 ಸಣ್ಣ ಚಮಚ ತುಪ್ಪ | 104 | 2.3 ಗ್ರಾಂ | 0.7 |

ಮೊದಲ ಸಾಲನ್ನು ನಮ್ಮ ಏಳು ತಿಂಗಳ ಮಗುವಿಗೆ ಹೊಂದಿಸಿ ನೋಡಿ. ದಿನಕ್ಕೆ ಎರಡು ಬಟ್ಟಲು ನೀರಿನ ಸರಿ, ಚೂರೂ ಬಿಡದೆ ತಿಂದರೂ 96 ಕ್ಯಾಲೊರಿ. ಬೇಕಾದ 200ರ ಅರ್ಧವೂ ಆಗಲಿಲ್ಲ. ಹೊಟ್ಟೆ ಮಾತ್ರ 300 ಗ್ರಾಂ ಸರಿಯಿಂದ ತುಂಬಿ, ಎದೆಹಾಲು ಕುಡಿಯುವುದು ಕಡಿಮೆಯಾಯಿತು. ಎದೆಹಾಲಿನ 100 ಮಿಲಿಯಲ್ಲಿ ಸುಮಾರು 65 ಕ್ಯಾಲೊರಿ ಇರುತ್ತದೆ, ಅಂದರೆ ಈ ಸರಿ ತಾನು ಜಾಗ ಕಸಿದುಕೊಂಡ ಹಾಲಿಗಿಂತಲೂ ತೆಳು. ತೂಕ ಏರದಿರುವುದಕ್ಕೆ ಕಾರಣ ಇದು.

ಕೊನೆಯ ಎರಡು ಸಾಲುಗಳಲ್ಲಿ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ಹಾಲಿನ ಬಟ್ಟಲಲ್ಲಿ ಪ್ರೋಟೀನ್ ಹೆಚ್ಚು. ಆದರೆ ಬೇಳೆ ತುಪ್ಪದ ಎರಡು ಬಟ್ಟಲಿಂದ 208 ಕ್ಯಾಲೊರಿ, 4.6 ಗ್ರಾಂ ಪ್ರೋಟೀನ್ ಬರುತ್ತದೆ. ಎದೆಹಾಲಿನ 6 ಗ್ರಾಂ ಸೇರಿದರೆ ಆ ದಿನದ ಲೆಕ್ಕ ತುಂಬಿತು. ರಾಗಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಧಾರಾಳವಾಗಿದೆ, ಹಾಗಾಗಿ ಎರಡೂ ಸೇರಿದಾಗ ರಾಗಿಯ ಪ್ರೋಟೀನೂ ಮೈಗೆ ಚೆನ್ನಾಗಿ ಹತ್ತುತ್ತದೆ. ತುಪ್ಪದಿಂದ ಬರುವುದು 40 ಕ್ಯಾಲೊರಿ ಮಾತ್ರ, ಪ್ರೋಟೀನ್ ಸೊನ್ನೆ. ಬೇಳೆ ಬಿಟ್ಟು ತುಪ್ಪ ಒಂದನ್ನೇ ಹೆಚ್ಚಿಸುತ್ತಾ ಹೋದರೆ ಪ್ರೋಟೀನ್ 1.1 ಗ್ರಾಂನಲ್ಲೇ ನಿಲ್ಲುತ್ತದೆ.

5 ಗ್ರಾಂ ಬೇಳೆಯನ್ನು ಪ್ರತಿ ಸಲ ಬೇಯಿಸುವುದು ಆಗದ ಕೆಲಸ. ಮನೆಮಂದಿಗೆ ಬೇಳೆ ಬೇಯಿಸುವಾಗ ಉಪ್ಪು ಹುಳಿ ಹಾಕುವ ಮೊದಲೇ ಮಗುವಿನ ಪಾಲು ತೆಗೆಯಿರಿ. 50 ಗ್ರಾಂ ಒಣ ಬೇಳೆ ಬೆಂದು, ಮಸೆದ ಮೇಲೆ 200 ಗ್ರಾಂ ಆದರೆ, ಅದರಲ್ಲಿ 20 ಗ್ರಾಂ ತೆಗೆದುಕೊಂಡರೆ 5 ಗ್ರಾಂ ಬೇಳೆ ಸಿಕ್ಕಿತು. ಬೇಳೆಯ ಕಟ್ಟು ಮಾತ್ರ ತೆಗೆದು ಹಾಕುವುದು ಬಹಳ ಮನೆಗಳ ರೂಢಿ, ಅದು ಬರೀ ನೀರಿಗೆ ಸಮ. ಬೇಳೆಯನ್ನೇ ಮಸೆದು ಹಾಕಿ.

ಎಮ್ಮೆ ಹಾಲಾದರೆ 100 ಮಿಲಿಗೆ ಸುಮಾರು 107 ಕ್ಯಾಲೊರಿ, 3.7 ಗ್ರಾಂ ಪ್ರೋಟೀನ್. ಮೂರನೇ ಬಟ್ಟಲಿಗೆ ಅದನ್ನು ಹಾಕಿದರೆ ಒಟ್ಟು 155 ಕ್ಯಾಲೊರಿ ಆಗುತ್ತದೆ. ಮನೆಗೆ ತಂದುಕೊಡುವ ಹಾಲಿನಲ್ಲಿ ನೀರು ಎಷ್ಟಿದೆ ಎಂದು ತಿಳಿಯದಿದ್ದರೆ ಈ ಅಂಕಿಯನ್ನು ನಂಬಿಕೊಳ್ಳಬೇಡಿ.

## 6. ಹಾಗಾದರೆ ಹಾಲೋ, ನೀರೋ?

ಎದೆಹಾಲು ಕುಡಿಯುವ, ವರ್ಷ ತುಂಬದ ಮಗುವಿಗೆ ನೀರಿನಲ್ಲಿ ಬೇಯಿಸಿ, ಬೇಳೆ ತುಪ್ಪ ಸೇರಿಸಿದ ಸರಿಯೇ ನಮ್ಮ ಆಯ್ಕೆ. ಕಾರಣ ಕಬ್ಬಿಣಾಂಶ. ಹಸು, ಎಮ್ಮೆ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಜೊತೆಗೆ ಅದರ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೋಟೀನ್ ಬೇರೆ ಆಹಾರದ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡುವುದಿಲ್ಲ. ರಾಗಿಯಲ್ಲಿರುವ ಕಬ್ಬಿಣವೂ ಅದರಲ್ಲೇ ಇರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ಅಂಶಗಳಿಂದಾಗಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅದರ ಮೇಲೆ ದಿನಕ್ಕೆರಡು ಬಾರಿ ಹಾಲು ಸುರಿದರೆ ಸಿಗುವುದೂ ತಪ್ಪುತ್ತದೆ.

ಹಾಗೆಂದು ಹಾಲಿನ ಸರಿ ವಿಷವಲ್ಲ. ಅಡುಗೆಯಲ್ಲಿ ಸ್ವಲ್ಪ ಹಾಲು ಆರು ತಿಂಗಳ ಮೇಲೆ ಬಳಸಬಹುದು. ದಿನದ ಎರಡು ಊಟದಲ್ಲಿ ಒಂದು ಹಾಲಿನದ್ದು, ಇನ್ನೊಂದು ಬೇಳೆಯದ್ದು ಎಂದರೆ ತೊಂದರೆಯಿಲ್ಲ. ಎದೆಹಾಲಿನ ಬದಲು ಬಾಟಲಿಯಲ್ಲಿ ಹಸುವಿನ ಹಾಲು ಕೊಡುವುದು ಬೇರೆ ಮಾತು, ಅದನ್ನು ವರ್ಷದೊಳಗೆ ವೈದ್ಯರನ್ನು ಕೇಳದೆ ಶುರುಮಾಡಬೇಡಿ. ಎದೆಹಾಲು ಇಲ್ಲವೇ ಇಲ್ಲದ ಮಗುವಿನ ಲೆಕ್ಕವೂ ಬದಲಾಗುತ್ತದೆ, ಮೇಲಾಹಾರದಿಂದ ಇನ್ನೂ ಹೆಚ್ಚು ಬೇಕಾಗುತ್ತದೆ.

ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪನ್ನು ಹಾಲಿನ ಸರಿಯಲ್ಲಿ ಬೆರೆಸಬೇಡಿ, ಆ ಊಟಕ್ಕೆ ಅಂಟಿಸಿಯೂ ಕೊಡಬೇಡಿ. ನಡುವೆ ಒಂದೆರಡು ಗಂಟೆ ಬಿಡಿ.

## 7. 0.7ರಿಂದ 0.8ಕ್ಕೆ: ಮೊಳಕೆ ಹಿಟ್ಟಿನ ಚಿಟಿಕೆ

ನಾಲ್ಕನೇ ಬಟ್ಟಲು ಇನ್ನೂ 0.7ರಲ್ಲಿದೆ. ನೀರು ಕಡಿಮೆ ಮಾಡಿದರೆ ಅಂಕಿ ಏರುತ್ತದೆ, ಆದರೆ ಸರಿ ಹಲ್ವದ ಹಾಗೆ ಗಟ್ಟಿಯಾಗಿ ಮಗು ನುಂಗುವುದಿಲ್ಲ. "ಗಟ್ಟಿ ಆದ್ರೆ ಮಗೀಗೆ ಗಂಟ್ಲಲ್ಲಿ ಇಳಿಯಾಕಿಲ್ಲ ಕಣವ್ವ" ಎಂದು ಅಜ್ಜಿ ಹೇಳುವುದರಲ್ಲಿ ಸುಳ್ಳಿಲ್ಲ. ಅದಕ್ಕೆ ಪರಿಹಾರ ನೀರು ಹಾಕುವುದಲ್ಲ, ಮೊಳಕೆ ರಾಗಿ.

ಮೊಳಕೆಯೊಡೆದ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಇರುತ್ತದೆ. ಅದು ಪಿಷ್ಟದ ಉದ್ದ ಸರಪಳಿಯನ್ನು ತುಂಡು ಮಾಡುತ್ತದೆ, ಸರಿ ತಾನಾಗಿ ತೆಳುವಾಗುತ್ತದೆ, ಕ್ಯಾಲೊರಿ ಹಾಗೇ ಇರುತ್ತದೆ. ರಾಗಿಯನ್ನು ರಾತ್ರಿ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೂವರೆಯಿಂದ ಎರಡು ದಿನ ಮೊಳಕೆ ಬರಿಸಿ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಬೇರಿನ ಎಳೆಗಳನ್ನು ಕೈಯಲ್ಲಿ ಉಜ್ಜಿ ತೂರಿ, ಬೀಸಿ. ಇದನ್ನು ಕೆಂಪಗೆ ಹುರಿಯಬಾರದು. ಹುರಿದರೆ ಘಮ ಬರುತ್ತದೆ, ಕಿಣ್ವ ಸಾಯುತ್ತದೆ. ಅಂಗಡಿಯ ರಾಗಿ ಮಾಲ್ಟ್ ಬಹಳ ಸಲ ಈ ಕೆಲಸಕ್ಕೆ ಬಾರದಿರಲು ಅದೇ ಕಾರಣ.

ಬಳಸುವುದು ಹೀಗೆ. 15 ಗ್ರಾಂನಲ್ಲಿ ಕಾಲು ಸಣ್ಣ ಚಮಚದಷ್ಟು ಮೊಳಕೆ ಹಿಟ್ಟನ್ನು ಬೇರೆ ಇಟ್ಟುಕೊಂಡು, ಉಳಿದ ರಾಗಿಯನ್ನು ಬೇಳೆಯೊಡನೆ ನೀರು ಕಡಿಮೆ ಹಾಕಿ ಗಟ್ಟಿಯಾಗಿ ಬೇಯಿಸಿ. ಒಲೆ ಆರಿಸಿ ಐದಾರು ನಿಮಿಷ ಬಿಡಿ. ಕುದಿಯುವ ಬಿಸಿಯಲ್ಲಿ ಹಾಕಿದರೆ ಕಿಣ್ವ ತಕ್ಷಣ ನಾಶವಾಗುತ್ತದೆ, ತೀರಾ ಆರಿದ ಮೇಲೆ ಹಾಕಿದರೆ ನಿಧಾನ. ಸುಮಾರು 60 ಡಿಗ್ರಿ ಬಿಸಿ, ಅಂದರೆ ಇನ್ನೂ ಬೆರಳು ಇಡಲಾಗದಷ್ಟು ಬಿಸಿ ಇರುವಾಗ, ಮೊಳಕೆ ಹಿಟ್ಟನ್ನು ಒಂದು ಚಮಚ ನೀರಲ್ಲಿ ಕದಡಿ ಹಾಕಿ ತಿರುವಿ. ಐದರಿಂದ ಹತ್ತು ನಿಮಿಷದಲ್ಲಿ ಸರಿ ಸಡಿಲವಾಗುವುದು ಕಣ್ಣಿಗೆ ಕಾಣುತ್ತದೆ. ಕಾಣದಿದ್ದರೆ ಆ ಹಿಟ್ಟಿನಲ್ಲಿ ಕಿಣ್ವ ಇಲ್ಲ. ಆಮೇಲೆ ಮತ್ತೆ ಒಲೆಗಿಟ್ಟು ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿ. ಈ ಕುದಿ ಬಿಡಬಾರದು, ಮೊಳಕೆ ಬರುವಾಗ ಧಾನ್ಯದ ಜೊತೆ ರೋಗಾಣುವೂ ಬೆಳೆದಿರುತ್ತದೆ. ತುಪ್ಪವನ್ನು ಇಳಿಸಿದ ಮೇಲೆ ಹಾಕಿ.

ಹೀಗೆ ಮಾಡಿದರೆ ಅದೇ 104 ಕ್ಯಾಲೊರಿ 125 ಗ್ರಾಂ ಸರಿಯಲ್ಲಿ ಕೂರುತ್ತದೆ, ಒಂದು ಗ್ರಾಂಗೆ 0.83. ಬಟ್ಟಲು ಚಿಕ್ಕದಾಯಿತು, ಮಗು ಪೂರ್ತಿ ತಿನ್ನುವ ಸಾಧ್ಯತೆ ಹೆಚ್ಚಾಯಿತು. ಹಾಲಿನ ಬಟ್ಟಲಿಗೆ ಮೊಳಕೆ ಹಿಟ್ಟಿನ ಬದಲು ಅರ್ಧ ಸಣ್ಣ ಚಮಚ ತುಪ್ಪ ಸೇರಿಸಿದರೂ ಅಲ್ಲಿಗೇ ಮುಟ್ಟುತ್ತದೆ.

## 8. ಶುರುವಿನ ಮೂರು ವಾರ

ಮೇಲಿನ ಬಟ್ಟಲು ಏಳು ತಿಂಗಳ ಮಗುವಿನದು. ಆರು ತಿಂಗಳು ತುಂಬಿದ ದಿನವೇ ಅಷ್ಟು ಕೊಡಲಾಗುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಮೊದಲ ದಿನಗಳಲ್ಲಿ ಎರಡು ಮೂರು ದೊಡ್ಡ ಚಮಚ ಸಾಕು. ಮೊದಲ ಮೂರು ನಾಲ್ಕು ದಿನ ರಾಗಿ, ನೀರು, ಸ್ವಲ್ಪ ಎದೆಹಾಲು ಮಾತ್ರ. ಆಮೇಲೆ ತುಪ್ಪ. ಮತ್ತೆ ಮೂರು ನಾಲ್ಕು ದಿನ ಬಿಟ್ಟು ಬೇಳೆ. ಹಾಲು ಹಾಕುವುದಿದ್ದರೆ ಅದು ಕೊನೆಗೆ. ಒಂದೊಂದನ್ನೇ ಸೇರಿಸಿದರೆ ಒಗ್ಗದ್ದು ಯಾವುದೆಂದು ತಿಳಿಯುತ್ತದೆ.

ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವನ್ನು ವರ್ಷದೊಳಗೆ ನಾಲಿಗೆಗೆ ಮುಟ್ಟಿಸಲೂ ಬಾರದು, ಅದರಲ್ಲಿರಬಹುದಾದ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಮಗುವಿನ ಕರುಳಿನಲ್ಲಿ ಮೊಳೆತು ವಿಷ ಮಾಡುತ್ತವೆ.

ಮಗುವನ್ನು ನೆಟ್ಟಗೆ ಕೂರಿಸಿ ಚಮಚದಲ್ಲಿ ತಿನ್ನಿಸಿ. ಕಾಲ ಮೇಲೆ ಮಲಗಿಸಿ ಒಳಲೆಯಲ್ಲಿ ಸುರಿಯುವುದು ಅಪಾಯ, ಸರಿ ಶ್ವಾಸಕ್ಕೆ ಇಳಿಯಬಹುದು. ಅಷ್ಟೇ ಅಲ್ಲ, ಒಳಲೆಯಲ್ಲಿ ಸುರಿಯುವಂತಾಗಲೆಂದೇ ಮನೆಯವರು ಸರಿಯನ್ನು ನೀರಾಗಿಸುತ್ತಾರೆ, ಕ್ಯಾಲೊರಿ ಅಲ್ಲಿಂದಲೇ ಕುಸಿಯುತ್ತದೆ.

## 9. ಬಟ್ಟಲಿನಲ್ಲಿ ಉಳಿದದ್ದನ್ನು ಕಳೆಯಿರಿ

ಮಗು 125 ಗ್ರಾಂನಲ್ಲಿ 80 ಗ್ರಾಂ ತಿಂದರೆ ಹೋದದ್ದು 66 ಕ್ಯಾಲೊರಿ, 104 ಅಲ್ಲ. ವಾರಕ್ಕೆ ಎರಡು ದಿನ ತಿನ್ನಿಸುವ ಮೊದಲು, ಆಮೇಲೆ ಬಟ್ಟಲು ತೂಗಿ ನೋಡಿ, ದಿನವೂ ಬೇಡ. ಬಾಯಿಗೆ ಹೋದ ಚಮಚ ಅದ್ದಿದ ಸರಿಯನ್ನು ಸಂಜೆಗೆ ಇಡಬೇಡಿ. ಎಂಜಲಿನಲ್ಲೂ ಅಮೈಲೇಸ್ ಇರುವುದರಿಂದ ಅದು ನೀರಾಗುತ್ತದೆ, ಜೊತೆಗೆ ರೋಗಾಣು ಬೆಳೆಯುತ್ತದೆ. ಹೊಸದಾಗಿ ಮಾಡಿದ್ದನ್ನೂ ಒಂದೆರಡು ಗಂಟೆಯೊಳಗೆ ತಿನ್ನಿಸಿಬಿಡಿ.

## 10. ನಿಲ್ಲಿಸಿ ವೈದ್ಯರ ಬಳಿ ಹೋಗಬೇಕಾದ ಲಕ್ಷಣ

ಸರಿ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ಗಂಧೆ, ತುಟಿ ಅಥವಾ ಕಣ್ಣಿನ ಊತ, ಪದೇ ಪದೇ ವಾಂತಿ ಕಂಡರೆ ಹೊಸದಾಗಿ ಸೇರಿಸಿದ್ದನ್ನು ನಿಲ್ಲಿಸಿ. ಉಸಿರಾಟ ಕಷ್ಟವಾದರೆ ಅಥವಾ ಮಗು ಸೋತು ಬಿದ್ದರೆ ತಕ್ಷಣ ಆಸ್ಪತ್ರೆಗೆ. ಹಾಲು ಶುರುಮಾಡಿದ ಮೇಲೆ ಮಲದಲ್ಲಿ ರಕ್ತ ಅಥವಾ ಲೋಳೆ ಕಂಡರೆ ಹಾಲಿನ ಪ್ರೋಟೀನ್ ಒಗ್ಗದಿರಬಹುದು, ಮುಂದುವರಿಸಬೇಡಿ. ಚಮಚ ತಾಗಿದಾಗ ಓಕರಿಸಿ ಸರಿಹೋಗುವುದು ಸಹಜ, ಸದ್ದೇ ಇಲ್ಲದೆ ಮುಖ ನೀಲಿಯಾಗುವುದು ಉಸಿರುಗಟ್ಟಿದ ಲಕ್ಷಣ.

ಮಲ ಗಟ್ಟಿಯಾಗಿ ಮಗು ಮುಕ್ಕುತ್ತಿದ್ದರೆ ಸರಿಯನ್ನು ನೀರು ಮಾಡಬೇಡಿ. ಎದೆಹಾಲು ಕಡಿಮೆಯಾಗಿದೆಯೇ ನೋಡಿ, ಊಟದ ಜೊತೆ ಒಂದೆರಡು ಚಮಚ ಕಾಯಿಸಿ ಆರಿಸಿದ ನೀರು ಬೇರೆಯಾಗಿ ಕೊಡಿ. ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಗಿಸಿ ತಾಯಿ ಕಾರ್ಡಿನ ಬೆಳವಣಿಗೆಯ ಗೆರೆ ನೋಡಿ. ಗೆರೆ ಅಡ್ಡಕ್ಕೆ ಮಲಗಿದರೆ ಒಣ ಹಿಟ್ಟಿನ ತೂಕ, ಬೆಂದ ಸರಿಯ ತೂಕ, ಮಗು ಬಿಟ್ಟ ತೂಕ ಈ ಮೂರನ್ನೂ ಮೂರು ದಿನ ಬರೆದುಕೊಂಡು ಅದೇ ವಾರ ವೈದ್ಯರಿಗೆ ತೋರಿಸಿ. ಗೆರೆ ಇಳಿದರೆ ಬರೆಯಲು ಕಾಯದೆ ಅದೇ ದಿನ ಹೋಗಿ.